ಮೋಟರ್ ಓಡುತ್ತೆ, ನೀರು ತಡವಾಗಿ ಬರುತ್ತೆ: ಪೈಪ್ ಎತ್ತುವ ಮೊದಲು ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ತಿಪಟೂರು ಕಡೆಯ ನಮ್ಮ ತೆಂಗಿನ ತೋಟದ ಬೋರಿಗೆ ಹೊಸ ಪಂಪ್ ಬಿಟ್ಟು ಎಂಟು ತಿಂಗಳಾಗಿತ್ತು. ಬೆಳಿಗ್ಗೆ ಸ್ಟಾರ್ಟರ್ ಒತ್ತಿದರೆ ಮೋಟರ್ ಸರಿಯಾಗಿಯೇ ಶುರುವಾಗುತ್ತಿತ್ತು. ನೀರು ಮಾತ್ರ ತಕ್ಷಣ ಬರುತ್ತಿರಲಿಲ್ಲ. ಪೈಪಿನ ಬಾಯಲ್ಲಿ ಮೊದಲು ಗಾಳಿ ಬುಸುಗುಡುತ್ತಿತ್ತು, ಒಂದು ನಿಮಿಷ ಕಳೆದ ಮೇಲೆ ನೀರು ಧುಮುಕುತ್ತಿತ್ತು. ಒಮ್ಮೆ ಬಂದ ಮೇಲೆ ಹರಿವಿನಲ್ಲಿ ಏನೂ ಕೊರತೆ ಇಲ್ಲ. ಹಾಗಾಗಿ ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಪಕ್ಕದ ತೋಟದ ಅಣ್ಣ ನೋಡಿ, "ನೀರು ಕೆಳಗೆ ಇಳಿದಿದೆ ಕಣಪ್ಪ, ಇನ್ನೆರಡು ಪೈಪ್ ಇಳಿಸಿಬಿಡು" ಅಂದರು. ನಮ್ಮ ಕಡೆ ಬೋರಿನ ಯಾವ ಕಾಯಿಲೆಗೂ ಮೊದಲ ಔಷಧಿ ಇದೇ.

ಎರಡು ಪೈಪ್ ಇಳಿಸಬೇಕಾದರೂ ಮುಕ್ಕಾಲಿ ನಿಲ್ಲಿಸಬೇಕು, ಚೈನ್ ಪುಲ್ಲಿ ತರಿಸಬೇಕು, ನಾಲ್ಕು ಜನರ ಕೂಲಿ ಕೊಡಬೇಕು. ಅಷ್ಟೆಲ್ಲ ಮಾಡುವ ಮೊದಲು ಮೇಲೆ ನಿಂತುಕೊಂಡೇ ಒಂದಷ್ಟು ಪರೀಕ್ಷೆ ಮಾಡಬಹುದು. ಬೇಕಾಗುವುದು ಕೈಗಡಿಯಾರ, 200 ಲೀಟರಿನ ಡ್ರಮ್, ತೆಳು ವೈರ್, ಮಲ್ಟಿಮೀಟರ್, ಕ್ಲ್ಯಾಂಪ್ ಮೀಟರ್, ಒಂದು ಪ್ರೆಶರ್ ಗೇಜ್, ಅಷ್ಟೆ. ನಾನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ನಮ್ಮ ಬೋರಿನ ಜಾತಕ. ಆರೂವರೆ ಇಂಚಿನ ಬೋರ್, ಆಳ 480 ಅಡಿ. ಎರಡು ಇಂಚಿನ ಜಿಐ ಪೈಪ್, 20 ಅಡಿಯದು 18 ಉದ್ದ, ಅಂದರೆ ಪಂಪ್ ಕೂತಿರುವುದು 360 ಅಡಿಯಲ್ಲಿ. ಐದು ಎಚ್‌ಪಿ, ಮೂರು ಫೇಸ್. ರಾತ್ರಿಯೆಲ್ಲ ಸುಮ್ಮನಿದ್ದ ಬೋರಿನಲ್ಲಿ ನೀರು 180 ಅಡಿಯಲ್ಲಿ ನಿಂತಿರುತ್ತದೆ. ಮೋಟರ್ ಓಡಿ ಓಡಿ ಕೊನೆಗೆ 300 ಅಡಿಯ ಹತ್ತಿರ ಇಳಿದು ನಿಲ್ಲುತ್ತದೆ. ಈ ಎರಡು ಮಟ್ಟ ಗೊತ್ತಿಲ್ಲದೆ ಮುಂದಿನ ಯಾವ ಲೆಕ್ಕವೂ ಆಗುವುದಿಲ್ಲ.

ನೀರಿನ ಮಟ್ಟ ಅಳೆಯುವುದು

ಎರಡು ಎಳೆಯ ತೆಳು ವೈರಿನ ತುದಿ ಸುಲಿದು, ಎಳೆಗಳು ಒಂದಕ್ಕೊಂದು ತಾಗದಂತೆ ಖಾಲಿ ಪೆನ್ನಿನ ಕೊಳವೆಯೊಳಗೆ ಕೂರಿಸಿ, ಒಂದು ನಟ್ ಭಾರ ಕಟ್ಟಿ ಬೋರಿಗೆ ಇಳಿಸಿದೆ. ಮೇಲಿನ ತುದಿ ಮಲ್ಟಿಮೀಟರಿಗೆ, ಮೀಟರ್ ಓಮ್ಸ್‌ನಲ್ಲಿ. ತುದಿ ನೀರು ಮುಟ್ಟಿದ ಕೂಡಲೇ ಮುಳ್ಳು ಕುಣಿಯುತ್ತದೆ. ಪೆನ್ನಿನ ಕೊಳವೆ ಯಾಕೆ ಅಂದರೆ, ಬೋರಿನ ಗೋಡೆಯ ಮೇಲೆ ಜಿನುಗುವ ನೀರು ತಾಗಿದರೂ ಮೀಟರ್ ಸುಳ್ಳು ಹೇಳುತ್ತದೆ. ವೈರಿಗೆ ಹತ್ತತ್ತು ಅಡಿಗೆ ಗುರುತು ಹಾಕಿಕೊಂಡಿರಿ. ಇಳಿಸುವ ಮೊದಲು ಮೇನ್ ಆಫ್ ಮಾಡಿ ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಿ. ಆಟೋ ಸ್ಟಾರ್ಟರ್ ಇರುವ ಕಡೆ ಇದನ್ನು ಮರೆಯಲೇಬಾರದು. ಮಕ್ಕಳು ಓಡಾಡುವ ಜಾಗವಾದರೆ, ಬೋರಿನ ಬಾಯಿ ಬಿಟ್ಟು ಒಂದು ಹೆಜ್ಜೆಯೂ ಆಚೆ ಹೋಗಬೇಡಿ.

ಅಂಗೈ ಪರೀಕ್ಷೆ

ಇದಕ್ಕೆ ಏನೂ ಖರ್ಚಿಲ್ಲ. ನೀರು ಚೆನ್ನಾಗಿ ಬರುತ್ತಿರುವಾಗ ಮೋಟರ್ ನಿಲ್ಲಿಸಿ, ಕೂಡಲೇ ಪೈಪಿನ ಬಾಯಿಗೆ ಅಂಗೈ ಮುಚ್ಚಿ ಹಿಡಿಯಿರಿ. ಕಾಲಂ ಪೈಪಿನಲ್ಲಿ ನೀರು ನಿಂತಿದ್ದರೆ ಕೈಗೆ ಏನೂ ಗೊತ್ತಾಗುವುದಿಲ್ಲ. ನೀರು ಕೆಳಗೆ ಇಳಿಯುತ್ತಿದ್ದರೆ ಪೈಪ್ ಅಂಗೈಯನ್ನು ಒಳಕ್ಕೆ ಎಳೆಯುತ್ತದೆ.

ನನ್ನ ಕೈಯನ್ನು ಎಷ್ಟು ಜೋರಾಗಿ ಎಳೆಯಿತು ಅಂದರೆ, ಬಿಡಿಸಿಕೊಂಡಾಗ ಅಂಗೈ ಮೇಲೆ ಪೈಪಿನ ಬಾಯಿಯ ಕೆಂಪು ಬಳೆ ಮೂಡಿತ್ತು. ಬೋರಿನ ಬಾಯಿಗೆ ಕಿವಿ ಕೊಟ್ಟರೆ ಒಳಗೆ ಏನೋ ಗಿರಗಿರ ತಿರುಗುವ ಸದ್ದು. ಮೋಟರಿಗೆ ಕರೆಂಟ್ ಇಲ್ಲ, ಆದರೂ ತಿರುಗುತ್ತಿದೆ. ಇಳಿಯುವ ನೀರು ಇಂಪೆಲ್ಲರುಗಳನ್ನು ಹಿಂದಕ್ಕೆ ತಿರುಗಿಸುತ್ತಿದೆ ಎಂದರ್ಥ. ಎರಡು ನಿಮಿಷದೊಳಗೆ ಎಳೆತವೂ ನಿಂತಿತು, ಸದ್ದೂ ನಿಂತಿತು.

ಎಳೆತ ಎಷ್ಟು ಹೊತ್ತು ಇರುತ್ತದೆ ಎನ್ನುವುದನ್ನು ಗಮನಿಸಿ. ನಾಲ್ಕು ಮಿಲಿಮೀಟರಿನ ಒಂದು ತೂತಿನಿಂದ ನಮ್ಮ ಪೈಪಿನ ಅಷ್ಟೂ ನೀರು ಇಳಿಯಲು ಕಾಲು ಗಂಟೆ ಬೇಕು, ಪಂಪ್ ಹಿಂದಕ್ಕೆ ತಿರುಗುವಷ್ಟು ರಭಸವೂ ಅದಕ್ಕಿರುವುದಿಲ್ಲ. ಎರಡು ನಿಮಿಷದಲ್ಲಿ ಖಾಲಿಯಾಗಿ, ತಿರುಗುವ ಸದ್ದೂ ಕೇಳಿಸಿದರೆ ನೀರು ಪಂಪಿನ ಮೂಲಕವೇ ಇಳಿಯುತ್ತಿದೆ. ಅಂದರೆ ಎನ್‌ಆರ್‌ವಿ, ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್, ತೆರೆದುಕೊಂಡೇ ಇದೆ. ನನ್ನ ಅನುಮಾನ ಅಲ್ಲಿಗೆ ಹೋಯಿತು. ಆದರೆ ಒಂದೇ ಸಾಕ್ಷಿ ನಂಬಿ 18 ಪೈಪ್ ಎತ್ತಲು ಮನಸ್ಸು ಬರಲಿಲ್ಲ.

ಗಡಿಯಾರದ ಲೆಕ್ಕ

ಈ ಪರೀಕ್ಷೆ ಗೊತ್ತಿರುವವರು ಕಡಿಮೆ, ನನಗೆ ಇದೇ ಹೆಚ್ಚು ಇಷ್ಟ. ನೀರು ಎಷ್ಟು ತಡವಾಗಿ ಬರುತ್ತದೆ ಎನ್ನುವುದರಿಂದ ಪೈಪ್ ಎಲ್ಲಿಯವರೆಗೆ ಖಾಲಿಯಾಗಿದೆ ಎಂದು ಹೇಳಬಹುದು.

ಯೋಚನೆ ಸರಳ. ಪಂಪಿನ ತಲೆಯ ವಾಲ್ವ್ ಹಿಡಿದಿದ್ದು, ಮೇಲೆ 60 ಅಡಿಯಲ್ಲಿ ಪೈಪ್ ತೂತಾಗಿದ್ದರೆ ನೀರು ಇಳಿಯುವುದು ಆ ತೂತಿನವರೆಗೆ ಮಾತ್ರ. ಅದರ ಕೆಳಗಿನ ಪೈಪ್ ತುಂಬಿಯೇ ಇರುತ್ತದೆ. ವಾಲ್ವೇ ಹಿಡಿಯದಿದ್ದರೆ ಪೈಪಿನ ನೀರು ಬೋರಿನ ನೀರಿನ ಮಟ್ಟದವರೆಗೂ ಇಳಿದು ಅಲ್ಲಿ ಸಮವಾಗಿ ನಿಲ್ಲುತ್ತದೆ. ಮತ್ತೆ ಮೋಟರ್ ಹಾಕಿದಾಗ ಆ ಖಾಲಿ ಭಾಗ ತುಂಬುವಷ್ಟು ಹೊತ್ತು ನಾವು ಕಾಯುತ್ತೇವೆ.

ಎರಡು ಇಂಚಿನ ಜಿಐ ಪೈಪಿನೊಳಗೆ ನೂರು ಅಡಿಗೆ ಸುಮಾರು 67 ಲೀಟರ್ ಹಿಡಿಯುತ್ತದೆ. ನಮ್ಮ ಪಂಪ್ ಬೆಳಿಗ್ಗೆ, ನೀರು ಇನ್ನೂ ಮೇಲಿರುವಾಗ, 200 ಲೀಟರಿನ ಡ್ರಮ್ಮನ್ನು ಎರಡು ನಿಮಿಷದಲ್ಲಿ ತುಂಬಿಸಿತು. ಅಂದರೆ ನಿಮಿಷಕ್ಕೆ ನೂರು ಲೀಟರ್. ಈ ಡ್ರಮ್ ಪರೀಕ್ಷೆಯನ್ನು ಬೋರಿನ ಬಾಯಿಯ ಬೆಂಡಿನ ಹತ್ತಿರವೇ ಮಾಡಿ. ತೋಟದ ಆ ಮೂಲೆಯಲ್ಲಿ ಮಾಡಿದರೆ ನಡುವಿನ ಪೈಪ್ ತುಂಬುವ ಹೊತ್ತೂ ಸೇರಿಕೊಂಡು ಲೆಕ್ಕ ಕೆಡುತ್ತದೆ.

ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಹಾಕಿದಾಗ ನೀರು ಬರಲು 64 ಸೆಕೆಂಡ್ ಹಿಡಿಯಿತು. ಪೈಪ್ ತುಂಬಿದ್ದರೂ ಮೂರು ಸೆಕೆಂಡ್ ಬೇಕೇ ಬೇಕು, ಅದನ್ನು ಕಳೆದರೆ 61. ಅಷ್ಟು ಹೊತ್ತಿಗೆ ನೂರಕ್ಕೂ ಸ್ವಲ್ಪ ಜಾಸ್ತಿ ಲೀಟರ್, ಅಂದರೆ ಸುಮಾರು 150 ಅಡಿ ಪೈಪ್. ನಿಜವಾದ ಖಾಲಿ ಜಾಗ ಇದಕ್ಕಿಂತ ಜಾಸ್ತಿಯೇ ಇರಬೇಕು. ಯಾಕೆಂದರೆ ಖಾಲಿ ಪೈಪಿಗೆ ನೀರು ಏರಿಸುವಾಗ ಪಂಪಿಗೆ ಭಾರ ಕಡಿಮೆ, ಆಗ ಅದು ನಿಮಿಷಕ್ಕೆ ನೂರಕ್ಕಿಂತ ಹೆಚ್ಚು ತಳ್ಳುತ್ತದೆ. ಹಾಗೆ ನೋಡಿದರೆ ಉತ್ತರ 180 ಅಡಿಯ ಹತ್ತಿರ ಬಂತು. ವೈರ್ ಇಳಿಸಿ ಅಳೆದಾಗ ನೀರು ಇದ್ದದ್ದೂ ಅಲ್ಲೇ.

ಪೈಪ್ ಬೋರಿನ ನೀರಿನ ಮಟ್ಟದವರೆಗೂ ಖಾಲಿಯಾಗುತ್ತಿದೆ ಎಂದಾಯಿತು. ಮೇಲಿನ ಪೈಪುಗಳಲ್ಲಿ ತೂತಿದೆ ಎಂದು ಹೇಳಲು ಈಗ ಯಾವ ಆಧಾರವೂ ಇಲ್ಲ. ಇದ್ದರೆ ನೀರಿನೊಳಗೆ ಮುಳುಗಿರುವ ಪೈಪಿನಲ್ಲಿ ಇರಬೇಕು, ಇಲ್ಲವೇ ವಾಲ್ವಿನಲ್ಲಿ. ಇವೆರಡನ್ನು ಗಡಿಯಾರ ಬೇರೆ ಮಾಡುವುದಿಲ್ಲ, ಅದಕ್ಕೆ ಗೇಜ್ ಬೇಕು.

ಒಂದು ಎಚ್ಚರ. ತೂತು ಸಣ್ಣದಾದರೆ ಇಳಿಯಲು ಗಂಟೆಗಟ್ಟಲೆ ಬೇಕು. ಹತ್ತು ನಿಮಿಷ ಬಿಟ್ಟು ನೋಡಿ "ನೀರು ತಕ್ಷಣ ಬಂತು, ಎಲ್ಲ ಸರಿ" ಎಂದುಕೊಳ್ಳಬೇಡಿ. ರಾತ್ರಿ ಬಿಟ್ಟು ಬೆಳಿಗ್ಗೆಯೇ ನೋಡಿ.

ಗೇಜ್ ಹೇಳುವ ಮಾತು

ಬೆಂಡ್ ಆದ ಮೇಲೆ ಒಂದು ಟೀ ಹಾಕಿ ಗೇಜ್, ಅದರಾಚೆ ಗೇಟ್ ವಾಲ್ವ್. 16 ಕೆಜಿಯವರೆಗೆ ತೋರಿಸುವ ಗೇಜ್ ನಮಗೆ ಸಾಕಾಯಿತು. ಮೋಟರ್ ಹಾಕಿ, ನೀರು ಬಂದು ಗಾಳಿಯೆಲ್ಲ ಹೋದ ಮೇಲೆ ಗೇಟ್ ವಾಲ್ವನ್ನು ನಿಧಾನವಾಗಿ ಪೂರ್ತಿ ಮುಚ್ಚಿ. ಮುಳ್ಳು ನಿಂತ ಕಡೆ ನೋಡಿ, ಅರ್ಧ ನಿಮಿಷದೊಳಗೆ ತೆರೆದುಬಿಡಿ. ಜಾಸ್ತಿ ಹೊತ್ತು ಮುಚ್ಚಿಟ್ಟರೆ ಪಂಪ್ ಬಿಸಿಯಾಗುತ್ತದೆ. ಎಚ್‌ಡಿಪಿಇ ಅಥವಾ ಪ್ಲಾಸ್ಟಿಕ್ ಕಾಲಂ ಪೈಪ್ ಇದ್ದರೆ ಅದರ ಮೇಲೆ ಬರೆದಿರುವ ಒತ್ತಡದ ಮಿತಿ ಮೊದಲು ಓದಿ, ಆಮೇಲೆ ಈ ಪರೀಕ್ಷೆಗೆ ಕೈ ಹಾಕಿ. ಮುಚ್ಚುವಾಗ ಬೆಂಡಿನ ಎದುರು ನಿಲ್ಲಬೇಡಿ.

ಪಂಪಿನ ಜೊತೆ ಬರುವ ಚಾರ್ಟಿನಲ್ಲಿ, ನೀರು ಹೊರಗೆ ಹೋಗದಿದ್ದಾಗ ಅದು ಎಷ್ಟು ಎತ್ತರಕ್ಕೆ ತಳ್ಳುತ್ತದೆ ಎಂದು ಇರುತ್ತದೆ. ನಮ್ಮದಕ್ಕೆ 150 ಮೀಟರ್. ನೀರು 180 ಅಡಿ, ಅಂದರೆ 55 ಮೀಟರ್ ಕೆಳಗಿದೆ. ಉಳಿದದ್ದು 95 ಮೀಟರ್. ಹತ್ತು ಮೀಟರಿಗೆ ಒಂದು ಕೆಜಿ ಲೆಕ್ಕದಲ್ಲಿ ಗೇಜ್ ಒಂಬತ್ತೂವರೆ ತೋರಿಸಬೇಕು. ತೋರಿಸಿದ್ದು 9.2.

ಇದು ಬಹಳ ಒಳ್ಳೆಯ ಸುದ್ದಿ. ಇಂಪೆಲ್ಲರ್ ಸವೆದಿಲ್ಲ, ಪೈಪ್ ಎಲ್ಲೂ ದೊಡ್ಡದಾಗಿ ಒಡೆದಿಲ್ಲ. ಒಡೆದಿದ್ದರೆ ಗೇಟ್ ಮುಚ್ಚಿದರೂ ನೀರು ಆ ದಾರಿ ಹಿಡಿದು ಹೋಗುತ್ತಿತ್ತು, ಮುಳ್ಳು ಇಷ್ಟು ಏರುತ್ತಲೇ ಇರಲಿಲ್ಲ. ಪೈಪಿನ ತೂತು ಮೋಟರ್ ಓಡುವಾಗಲೂ ಸೋರುತ್ತದೆ, ನಿಂತಾಗಲೂ ಸೋರುತ್ತದೆ. ಎನ್‌ಆರ್‌ವಿ ಕೆಟ್ಟರೆ ಓಡುವಾಗ ಏನೂ ಗೊತ್ತಾಗುವುದಿಲ್ಲ, ನಿಂತ ಮೇಲೇ ಗೊತ್ತಾಗುವುದು. ನಮ್ಮದು ಓಡುವಾಗ ಗಟ್ಟಿ, ನಿಂತಾಗ ಎರಡೇ ನಿಮಿಷಕ್ಕೆ ಖಾಲಿ. ಇನ್ನು ಅನುಮಾನ ಉಳಿಯಲಿಲ್ಲ.

ಗೇಜ್ ಕಡಿಮೆ ತೋರಿಸಿದ್ದರೆ ಏನು ಮಾಡಬೇಕಿತ್ತು? ಆಗ ಕ್ಲ್ಯಾಂಪ್ ಮೀಟರ್ ತೆಗೆಯಬೇಕು. ಗೇಜ್ ಕಡಿಮೆ, ಆಂಪ್ಸ್ ಎಂದಿನಷ್ಟೇ ಅಥವಾ ಸ್ವಲ್ಪ ಜಾಸ್ತಿ ಇದ್ದರೆ ಪಂಪ್ ಕೆಲಸ ಮಾಡುತ್ತಿದೆ, ನೀರು ದಾರಿಯಲ್ಲಿ ಸೋರುತ್ತಿದೆ. ಅದು ಪೈಪಿನ ತೂತು. ಗೇಜೂ ಕಡಿಮೆ, ಆಂಪ್ಸೂ ಕಡಿಮೆ ಆದರೆ ಮೊದಲು ಸ್ಟಾರ್ಟರಿನಲ್ಲಿ ಯಾವುದಾದರೂ ಎರಡು ಫೇಸ್ ಅದಲುಬದಲು ಮಾಡಿ ನೋಡಿ. ಟ್ರಾನ್ಸ್‌ಫಾರ್ಮರ್ ರಿಪೇರಿ ಆದ ಮಾರನೇ ದಿನ ನೀರು ಕಡಿಮೆಯಾದರೆ ಹತ್ತಕ್ಕೆ ಒಂಬತ್ತು ಸಲ ಇದೇ: ಮೋಟರ್ ಉಲ್ಟಾ ತಿರುಗುತ್ತಿರುತ್ತದೆ. ಎರಡರಲ್ಲಿ ಯಾವುದಕ್ಕೆ ಗೇಜ್ ಜಾಸ್ತಿ ಏರುತ್ತದೋ ಅದೇ ಸರಿಯಾದ ದಿಕ್ಕು. ಅದಲುಬದಲು ಮಾಡಿದರೂ ಮುಳ್ಳು ಸೊನ್ನೆ ಬಿಟ್ಟು ಏಳದೆ, ಆಂಪ್ಸ್ ಅರ್ಧದ ಆಸುಪಾಸಿನಲ್ಲೇ ಇದ್ದರೆ ಶಾಫ್ಟೋ ಕಪ್ಲಿಂಗೋ ತುಂಡಾಗಿದೆ. ಮೋಟರ್ ತಾನೊಂದೇ ಖಾಲಿ ತಿರುಗುತ್ತಿದೆ.

ಪಕ್ಕದ ಅಣ್ಣ ಹೇಳಿದ "ನೀರು ಇಳಿದಿದೆ" ಎನ್ನುವ ಕಾಯಿಲೆಯ ಲಕ್ಷಣವೇ ಬೇರೆ. ಅಲ್ಲಿ ಶುರುವಿನಲ್ಲಿ ನೀರು ಭರ್ಜರಿಯಾಗಿ ಬರುತ್ತದೆ. ಹತ್ತಿಪ್ಪತ್ತು ನಿಮಿಷದ ಮೇಲೆ ಉಗುಳಲು ಶುರುವಾಗುತ್ತದೆ, ನೀರಿನ ಜೊತೆ ಗಾಳಿ ಬರುತ್ತದೆ, ಆಂಪ್ಸ್ ಮೇಲೆ ಕೆಳಗೆ ಕುಣಿಯುತ್ತದೆ. ನಮ್ಮದರಲ್ಲಿ ಗಾಳಿ ಮೊದಲು ಬರುತ್ತಿತ್ತು, ಆಮೇಲೆ ಇಲ್ಲ. ಪೈಪ್ ಇಳಿಸಿದ್ದರೆ ದುಡ್ಡು ದಂಡ, ಅಷ್ಟೆ.

ಎತ್ತಿದಾಗ ಸಿಕ್ಕಿದ್ದು

ಪೈಪ್ ಎತ್ತಿದೆವು. 18 ಉದ್ದದ್ದೂ ಥ್ರೆಡ್ ಚೆನ್ನಾಗಿತ್ತು. ಕೊನೆಗೆ ಪಂಪ್ ಮೇಲೆ ಬಂತು. ಅದರ ತಲೆಯ ಕಪ್ಪಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ವಾಲ್ವಿನ ಸೀಟ್ ಇದೆ, ಬಿಲ್ಲೆಯೇ ಇಲ್ಲ! ಒಡೆದ ಚೂರೂ ಇಲ್ಲ, ಸವೆದ ಗುರುತೂ ಇಲ್ಲ. ಪಂಪ್ ಬಿಟ್ಟ ಮೇಸ್ತ್ರಿಗೆ ಫೋನ್ ಮಾಡಿದೆ. ಅವರು ಮುಚ್ಚಿಡಲಿಲ್ಲ. "ನಾನೇ ತೆಗೆದಿದ್ದು ಸಾರ್. ನೀರು ತುಂಬಿದ ಪೈಪ್ ಎತ್ತೋಕೆ ಭಾರ, ಬಿಚ್ಚುವಾಗ ಒಂದೊಂದು ಪೈಪಿನ ನೀರೂ ಮೈಮೇಲೆ ಬೀಳುತ್ತೆ. ನಾವು ಎಲ್ಲ ಕಡೆ ಹೀಗೇ ಮಾಡೋದು."

ಅವರ ಕಷ್ಟ ಸುಳ್ಳಲ್ಲ. ಜಿಐ ಪೈಪ್ ಒಂದು ಉದ್ದ 30 ಕೆಜಿ, ಹದಿನೆಂಟಕ್ಕೆ ಐದೂವರೆ ಕ್ವಿಂಟಲ್. ಅದರ ಮೇಲೆ ನೀರಿನ ಮಟ್ಟಕ್ಕಿಂತ ಮೇಲಿರುವ 120 ಲೀಟರ್ ನೀರಿನ ಭಾರ. ಆದರೆ ಆ 120 ಕೆಜಿ ಉಳಿಸಲು ಹೋಗಿ ನಮಗಾದ ನಷ್ಟ ಎಷ್ಟು ಎಂದು ಆಗ ಹೊಳೆಯಿತು. ಇದಕ್ಕೂ ಹಿಂದಿನ ಪಂಪ್ ಬಿಟ್ಟವರೂ ಅವರೇ. ಅದರ ಶಾಫ್ಟ್ ಎರಡೇ ವರ್ಷಕ್ಕೆ ತುಂಡಾಗಿತ್ತು. ಮಾಲೇ ಕಳಪೆ ಎಂದುಕೊಂಡು ಹೊಸದು ತಂದಿದ್ದೆ.

ಕಾರಣ ಇಷ್ಟೇ. ನಮ್ಮ ಪಂಪ್‌ಸೆಟ್ಟುಗಳಿಗೆ ಮೂರು ಫೇಸ್ ಸಿಗುವುದು ದಿನಕ್ಕೆ ಏಳು ಗಂಟೆ, ಅದೂ ತುಂಡು ತುಂಡಾಗಿ. ಆ ಹೊತ್ತಿನಲ್ಲೂ ಕರೆಂಟ್ ಹೋಗಿ ಬರುವುದುಂಟು. ರಾತ್ರಿ ಎರಡು ಗಂಟೆಗೆ ಯಾರು ಎದ್ದು ಹೋಗುತ್ತಾರೆ ಎಂದು ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಸಿದ್ದೇವೆ. ಕರೆಂಟ್ ಹೋದಾಗ ಪೈಪಿನ ನೀರು ಇಳಿದು ಪಂಪ್ ಹಿಂದಕ್ಕೆ ತಿರುಗುತ್ತದೆ. ಐದು ಸೆಕೆಂಡಿಗೆ ಕರೆಂಟ್ ವಾಪಸ್ ಬಂದರೆ, ಹಿಂದಕ್ಕೆ ತಿರುಗುತ್ತಿರುವ ಶಾಫ್ಟನ್ನು ಮೋಟರ್ ಮುಂದಕ್ಕೆ ಎಳೆಯುತ್ತದೆ. ಬೆರಳು ಗಾತ್ರದ ಶಾಫ್ಟ್ ಎಷ್ಟು ಸಲ ತಾಳೀತು? ಜೊತೆಗೆ ಖಾಲಿ ಪೈಪಿಗೆ ಶುರುವಾದಾಗ ತಡೆಯುವ ಭಾರವಿಲ್ಲದೆ ಇಂಪೆಲ್ಲರುಗಳ ಸಾಲು ಪೂರ್ತಿ ಮೇಲಕ್ಕೆ ಜಿಗಿಯುತ್ತದೆ. ನಮ್ಮ ಎಂಟು ತಿಂಗಳ ಪಂಪಿನಲ್ಲೂ ಮೇಲಿನ ವಾಷರ್ ಆಗಲೇ ಅರ್ಧ ತಿಂದುಹೋಗಿತ್ತು.

ಬಿಲ್ಲೆ ತೆಗೆಯುವ ಬದಲು ಅದಕ್ಕೊಂದು ಸಣ್ಣ ತೂತು ಹೊಡೆಯುವವರೂ ಇದ್ದಾರೆ. ಪಂಪ್ ಹಿಂದಕ್ಕೆ ತಿರುಗುವುದು ಅದರಿಂದ ತಪ್ಪುತ್ತದೆ, ಆದರೆ ಬೆಳಿಗ್ಗೆ ಬೆಳಿಗ್ಗೆ ಖಾಲಿ ಪೈಪಿಗೆ ಶುರುವಾಗುವುದು ತಪ್ಪುವುದಿಲ್ಲ. ನನ್ನ ಮಟ್ಟಿಗೆ ಎರಡೂ ಬೇಡ. ಎತ್ತುವ ದಿನ ಕೂಲಿ ಸ್ವಲ್ಪ ಜಾಸ್ತಿ ಕೊಡುತ್ತೇನೆ.

ಪಂಪ್ ಸರಿಯಾದದ್ದೇ ಎಂದು ನೋಡಿದ್ದು

ಮೇಲೆ ಬಂದಿದೆ, ಹೇಗೂ ಇಳಿಸಬೇಕು. ಅಂಗಡಿಯವರು ಕೊಟ್ಟ ಪಂಪ್ ನಮ್ಮ ಬೋರಿಗೆ ಹೊಂದುತ್ತದೆಯೇ ಎಂದೂ ಒಮ್ಮೆ ಲೆಕ್ಕ ಹಾಕಿದೆ. ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ "ಬೋರ್ ಎಷ್ಟು ಅಡಿ?" ಎಂದು. ಆ ಪ್ರಶ್ನೆಯೇ ತಪ್ಪು. 480 ಅಡಿ ಕೊರೆದಿದ್ದೇವೆ ಎಂದು ಪಂಪಿಗೆ ಗೊತ್ತಿಲ್ಲ. ಅದು ಎತ್ತಬೇಕಾದದ್ದು ಓಡುವಾಗ ನೀರು ನಿಲ್ಲುವ ಮಟ್ಟದಿಂದ, ಅಂದರೆ 300 ಅಡಿಯಿಂದ. ಅದಕ್ಕೆ ತೊಟ್ಟಿಯ ಎತ್ತರ 20 ಅಡಿ ಮತ್ತು ಪೈಪಿನ ಉಜ್ಜಾಟಕ್ಕೆ ಒಂದು ಹತ್ತು ಅಡಿ ಸೇರಿಸಿ. ಒಟ್ಟು 330 ಅಡಿ, ನೂರು ಮೀಟರ್.

ನೀರು ಎಷ್ಟು? ಕೊರೆದ ದಿನ "ಎರಡೂವರೆ ಇಂಚು" ಎಂದಿದ್ದರು. ಇಂಚು ಎನ್ನುವುದು ವಿ ಆಕಾರದ ಕಿಂಡಿಯಲ್ಲಿ ನೀರು ಎಷ್ಟು ಎತ್ತರ ಹರಿಯಿತು ಎನ್ನುವ ಅಳತೆ, ಪೈಪಿನ ಗಾತ್ರ ಅಲ್ಲ. ಎರಡು ಇಂಚು ಅಂದರೆ ಗಂಟೆಗೆ ಸುಮಾರು 2,900 ಲೀಟರ್, ಮೂರು ಇಂಚು ಅಂದರೆ ಹತ್ತಿರ ಹತ್ತಿರ 8,000. ಒಂದು ಇಂಚು ಏರಿದರೆ ನೀರು ಎರಡೂವರೆ ಪಟ್ಟಿಗೂ ಜಾಸ್ತಿ! ಆದ್ದರಿಂದ ಇಂಚಿನ ಮಾತು ನಂಬಿ ಪಂಪ್ ಕೊಳ್ಳಬೇಡಿ. ನಮ್ಮ ಬೋರ್ ಮೂರು ಗಂಟೆ ಓಡಿದ ಮೇಲೂ ಡ್ರಮ್ಮನ್ನು ಎರಡು ನಿಮಿಷ 50 ಸೆಕೆಂಡಿಗೆ ತುಂಬಿಸುತ್ತಿತ್ತು. ಅದು ನಿಮಿಷಕ್ಕೆ 70 ಲೀಟರ್. ಚಾರ್ಟಿನಲ್ಲಿ ನೂರು ಮೀಟರಿನ ಸಾಲಿಗೆ ಬೆರಳಿಟ್ಟರೆ ಅಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಪಂಪ್ ಸರಿಯಾದದ್ದೇ, ಅದೃಷ್ಟ.

ಕೇಬಲ್ ಮಾತ್ರ ತೆಳುವಾಗಿತ್ತು. ಬೋರಿನೊಳಗೂ ಶೆಡ್ಡಿನವರೆಗೂ ಸೇರಿ ನಮಗೆ 480 ಅಡಿ ಕೇಬಲ್. ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ಕೇಬಲ್‌ನಲ್ಲಿ ಹತ್ತು ಆಂಪ್ಸ್ ಹರಿದರೆ ದಾರಿಯಲ್ಲೇ 19 ವೋಲ್ಟ್ ಹೋಗುತ್ತದೆ. 400 ವೋಲ್ಟ್ ಇರುವ ಕಡೆ ಅದನ್ನು ತಡೆದುಕೊಳ್ಳಬಹುದು. ಬೇಸಿಗೆಯಲ್ಲಿ ನಮಗೆ ಸಿಗುವುದೇ 350, ಅದರಲ್ಲಿ ಇನ್ನೂ 19 ಕಳೆದರೆ ಮೋಟರ್ ಜಾಸ್ತಿ ಆಂಪ್ಸ್ ಎಳೆದು ಕಾಯಿಲ್ ಬಿಸಿಯಾಗುತ್ತದೆ. ನಾಲ್ಕು ಚದರದ್ದು ಹಾಕಿದರೆ ನಷ್ಟ 12 ವೋಲ್ಟಿಗೆ ಇಳಿಯುತ್ತದೆ. ಅದನ್ನೇ ತಂದೆ.

ಮತ್ತೆ ಇಳಿಸಿದ್ದು

ಪಂಪಿಗೆ ಹೊಸ ಬಿಲ್ಲೆ, ಹೊಸ ರಬ್ಬರ್, ಹೊಸ ವಾಷರ್ ಹಾಕಿಸಿದೆ. ಮೋಟರಿನೊಳಗೆ ಶುದ್ಧ ನೀರು ತುಂಬಿ, ಗುಳ್ಳೆ ಬರುವುದು ನಿಲ್ಲುವವರೆಗೆ ಅಲ್ಲಾಡಿಸಿ, ಮತ್ತೆ ತುಂಬಿ ಬಿರಡೆ ಬಿಗಿದೆವು. ಕೇಬಲ್ ಜಾಯಿಂಟಿನ ಮೂರು ಎಳೆಯನ್ನೂ ಒಂದೇ ಕಡೆ ಸೇರಿಸದೆ, ಮೇಲೆ ಕೆಳಗೆ ಮಾಡಿ ಟೇಪ್ ಸುತ್ತಬೇಕು. ಒಂದೇ ಕಡೆ ಬಂದರೆ ಗಂಟು ದಪ್ಪವಾಗಿ ಕೇಸಿಂಗಿಗೆ ಉಜ್ಜುತ್ತದೆ. ಸುತ್ತಿದ ಮೇಲೆ ಜಾಯಿಂಟನ್ನು ಬಕೆಟ್ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಟ್ಟು, ಕರೆಂಟ್ ನೀರಿಗೆ ಸೋರುತ್ತದೆಯೇ ಎಂದು ನೋಡಲು ಮೆಗ್ಗರ್ ಹಿಡಿಸಿದೆ. ಈ ಒಂದು ಗಂಟೆಗೆ ಯಾವ ಮೇಸ್ತ್ರಿಯೂ ಖುಷಿಯಿಂದ ಒಪ್ಪುವುದಿಲ್ಲ. ಟೀ ಕೊಡಿಸಿ ಕೂರಿಸಬೇಕು.

ಪೈಪ್ ಬಿಗಿಯುವಾಗ ಅರೆಬರೆ ಬಿಡಬಾರದು. ಮೋಟರ್ ಶುರುವಾದಾಗಲೆಲ್ಲ ಪಂಪ್ ಒಂದು ಸಲ ತಿರುಚಿಕೊಳ್ಳುತ್ತದೆ. ಸಡಿಲ ಜಾಯಿಂಟ್ ದಿನಾ ಒಂದೊಂದು ಎಳೆ ಬಿಚ್ಚಿಕೊಂಡು ಒಂದು ದಿನ ಪಂಪ್ ಬೋರಿನ ತಳ ಸೇರುತ್ತದೆ. ಕೇಬಲ್ಲನ್ನು ಹತ್ತಡಿಗೊಂದು ಕಡೆ ಕಟ್ಟಿ, ಆದರೆ ಎಳೆದು ಕಟ್ಟಬೇಡಿ. ಪೈಪಿನ ಭಾರ ಯಾವತ್ತೂ ಕೇಬಲ್ ಮೇಲೆ ಬೀಳಬಾರದು. ಕೇಬಲ್ ಜೊತೆಯಲ್ಲೇ ಒಂದು ತೆಳು ನಳಿಕೆಯನ್ನೂ ಪಂಪಿನವರೆಗೆ ಕಟ್ಟಿಬಿಟ್ಟೆ. ಅದರ ಮೇಲಿನ ತುದಿಗೆ ಗೇಜ್ ಹಾಕಿ ಕಾಲು ಪಂಪಿನಲ್ಲಿ ಗಾಳಿ ತುಂಬಿದರೆ ಮುಳ್ಳು ಏರಿ ಒಂದು ಕಡೆ ನಿಲ್ಲುತ್ತದೆ. ಪ್ರತಿ ಪೌಂಡಿಗೆ 2.3 ಅಡಿ ನೀರು ಪಂಪಿನ ಮೇಲಿದೆ ಎಂದರ್ಥ. ಇನ್ನು ಪೆನ್ನಿನ ಕೊಳವೆ ಇಳಿಸುವ ಕೆಲಸವಿಲ್ಲ.

ಎರಡನೇ ಎನ್‌ಆರ್‌ವಿ ಒಂದನ್ನು ಮಧ್ಯದಲ್ಲಿ, ಮೇಲಿನಿಂದ ಒಂಬತ್ತನೇ ಪೈಪಿನ ಕೆಳಗೆ ಹಾಕಿಸಿದೆ. ಬಾಣದ ಗುರುತು ಮೇಲಕ್ಕೆ ಇರಬೇಕು. 60 ಮೀಟರಿಗೊಂದು ವಾಲ್ವ್ ಇದ್ದರೆ ಕೆಳಗಿನದರ ಮೇಲಿನ ಭಾರ ಹಂಚಿಹೋಗುತ್ತದೆ. ಇದರಿಂದ ಒಂದು ಹೊಸ ಲಕ್ಷಣವೂ ಹುಟ್ಟುತ್ತದೆ, ಅದನ್ನು ತಿಳಿದಿರಬೇಕು. ಮುಂದೆ ಕೆಳಗಿನ ವಾಲ್ವ್ ಸೋರಲು ಶುರುವಾದರೂ ಮೇಲಿನದು ಹಿಡಿದಿರುತ್ತದೆ. ಮೇಲೆ ನಿಂತವರಿಗೆ ನೀರು ತಕ್ಷಣವೇ ಬಂದಂತೆ ಕಾಣುತ್ತದೆ, ಅಂಗೈಯನ್ನೂ ಎಳೆಯುವುದಿಲ್ಲ. ಆದರೆ ಬೇಸಿಗೆಯಲ್ಲಿ ಬೋರಿನ ನೀರು ಆ ಮೇಲಿನ ವಾಲ್ವಿಗಿಂತ ಬಹಳ ಕೆಳಗೆ ಇಳಿದಾಗ, ಎರಡು ವಾಲ್ವುಗಳ ನಡುವಿನ ಪೈಪಿನಲ್ಲಿ ಗಾಳಿಯೂ ಇಲ್ಲದ ಖಾಲಿ ಜಾಗ ಉಂಟಾಗುತ್ತದೆ. ಮೋಟರ್ ಹಾಕಿದಾಗ ನೀರು ಆ ಖಾಲಿಯಲ್ಲಿ ಓಡಿ ಬಂದು ಮುಚ್ಚಿದ ವಾಲ್ವಿಗೆ ಅಪ್ಪಳಿಸುತ್ತದೆ. ಬೆಂಡ್ ಅದುರಿ "ಧಡ್" ಎಂದು ಸದ್ದು. ಎರಡು ವಾಲ್ವಿನ ಬೋರಿನಲ್ಲಿ ಶುರುವಿನಲ್ಲಿ ಈ ಸದ್ದು ಬಂದರೆ ಕೆಳಗಿನ ವಾಲ್ವ್ ನೋಡಿ.

ಆಟೋ ಸ್ಟಾರ್ಟರಿನ ಟೈಮರನ್ನು ಮೂರು ನಿಮಿಷಕ್ಕೆ ಇಟ್ಟೆ. ವಾಲ್ವ್ ಮತ್ತೆ ಕೈಕೊಟ್ಟರೂ ಪಂಪ್ ಹಿಂದಕ್ಕೆ ತಿರುಗಿ ನಿಂತ ಮೇಲೆಯೇ ಮೋಟರ್ ಶುರುವಾಗಲಿ ಎಂದು.

ಮಾರನೇ ಬೆಳಿಗ್ಗೆ ನೀರು ಬಂದದ್ದು ಮೂರು ಸೆಕೆಂಡಿಗೆ. ಗೇಟ್ ಮುಚ್ಚಿದಾಗ 9.3 ಕೆಜಿ, ಓಡುವಾಗ 9.6 ಆಂಪ್ಸ್. ಮೂರನ್ನೂ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲಿನ ಒಳಗೆ ಮಾರ್ಕರಿನಲ್ಲಿ ಬರೆದು, ತಾರೀಕು ಹಾಕಿದೆ.

ಅದಾಗಿ ಒಂದು ವರ್ಷದ ಮೇಲೆ, ಮೊನ್ನೆ ಬೆಳಿಗ್ಗೆ 12 ಸೆಕೆಂಡ್ ಆಯಿತು. ಗೇಜ್ ಕೂದಲೆಳೆಯಷ್ಟು ಕಡಿಮೆ, ಆಂಪ್ಸ್ ಹಾಗೆಯೇ ಇದೆ. ಒಂಬತ್ತು ಸೆಕೆಂಡ್ ಜಾಸ್ತಿ ಅಂದರೆ 15 ಲೀಟರ್, ಅಂದರೆ 22 ಅಡಿ ಪೈಪ್. ಮೊದಲ ಜಾಯಿಂಟ್ ಇರುವುದು 20 ಅಡಿಯಲ್ಲಿ. ಕನ್ನಡಿ ಹಿಡಿದು ಬಿಸಿಲನ್ನು ಬೋರಿನೊಳಗೆ ತಿರುಗಿಸಿ ನೋಡಿದರೆ ಆ ಸಾಕೆಟ್ಟಿನ ಪಕ್ಕದಿಂದ ಕೂದಲಿನಷ್ಟು ಸಣ್ಣ ಜಿನುಗು ಕೇಸಿಂಗಿಗೆ ಹೊಡೆಯುತ್ತಿತ್ತು. ಇಬ್ಬರು ಆಳು, ಒಂದೇ ಪೈಪ್ ಎತ್ತಿ ಕ್ಲ್ಯಾಂಪ್ ಹಾಕಿ ನಿಲ್ಲಿಸಿ, ಥ್ರೆಡ್ ಉಜ್ಜಿ ಹೊಸ ಸಾಕೆಟ್ ಹಾಕಿದೆವು. ಹನ್ನೊಂದು ಗಂಟೆಗೆ ಕರೆಂಟ್ ಬರುವ ಹೊತ್ತಿಗೆ ಕೆಲಸ ಮುಗಿದಿತ್ತು.